ಆಗಸ್ಟಿನ ಗೆರೆ ಅಕ್ಟೋಬರಿಗೆ ಹೇಗೆ ಬಂತು?

ಪ್ರಶ್ನೆ: ಸರ್, ಹಾಸನದಲ್ಲಿ ನಮ್ಮದು ಕಾಫಿ ಪುಡಿ ಅಂಗಡಿ. ಅಪ್ಪನ ಕಾಲದಿಂದ ಇದೆ, ಈಗ ನಾನು ಮತ್ತು ನಮ್ಮಣ್ಣ ನೋಡಿಕೊಳ್ಳುತ್ತೇವೆ. ವಾರವಾರದ ವ್ಯಾಪಾರವನ್ನು ಎಕ್ಸೆಲ್‌ನಲ್ಲಿ ಚಾರ್ಟ್ ಮಾಡಿದ್ದೇನೆ. 2025ರ ಆಗಸ್ಟ್ 1ಕ್ಕೆ ಪುಡಿಯ ಬೆಲೆ ಕೆಜಿಗೆ 800ರಿಂದ 880 ರೂಪಾಯಿ ಮಾಡಿದೆವು. ಅಲ್ಲಿಗೆ ಒಂದು ಕೆಂಪು ಗೆರೆ ಎಳೆದೆ. ಆಮೇಲೆ ಹಬ್ಬಗಳಿಗೂ ಗೆರೆ ಹಾಕುತ್ತಾ ಹೋದೆ, ಈಗ ಚಾರ್ಟ್ ತುಂಬಾ ಗೆರೆಗಳೇ. ಕೆಂಪು ಗೆರೆ ಆದಮೇಲೆ ವ್ಯಾಪಾರ ಜೋರಾಗಿ ಏರಿದೆ, ಬೆಲೆ ಜಾಸ್ತಿ ಮಾಡಿದ್ದರಿಂದ ಏನೂ ತೊಂದರೆ ಆಗಿಲ್ಲ, ಇನ್ನೊಮ್ಮೆ ಏರಿಸೋಣ ಅಂತ ಅಣ್ಣ ಹೇಳುತ್ತಾನೆ. ಅದು ಹಾಸನಾಂಬೆ ಬಾಗಿಲು ತೆರೆದಾಗಿನ ವ್ಯಾಪಾರ ಅಂತ ನನಗೆ ಅನ್ನಿಸುತ್ತದೆ. ಯಾರು ಸರಿ? ಇಂಥದ್ದನ್ನು ಚಾರ್ಟಿನಲ್ಲಿ ಸರಿಯಾಗಿ ಗುರುತು ಮಾಡುವುದು ಹೇಗೆ? ಚಾರ್ಟಿನ ಚಿತ್ರ, ಎರಡು ವರ್ಷದ ದಿನದಿನದ ಲೆಕ್ಕ ಎರಡನ್ನೂ ಕಳಿಸಿದ್ದೇನೆ.

ಉತ್ತರ: ಮೊದಲು ಒಂದು ಕೆಲಸ ಮಾಡಿ. ನಿಮ್ಮ ಚಾರ್ಟಿನ ಕೆಂಪು ಗೆರೆಯ ಮೇಲೆ ಬೆರಳಿಟ್ಟು ನೇರವಾಗಿ ಕೆಳಗೆ ಬನ್ನಿ. ಅಲ್ಲಿ ಯಾವ ತಾರೀಕು ಇದೆ ನೋಡಿ. ಗೆರೆಯ ಪಕ್ಕದಲ್ಲಿ ನೀವು "ಆಗಸ್ಟ್ 1" ಅಂತ ಬರೆದಿದ್ದೀರಿ. ಆದರೆ ಗೆರೆ ನಿಂತಿರುವುದು ಅಕ್ಟೋಬರ್ ಮೊದಲ ವಾರದ ಮೇಲೆ.

ನೀವು ತಪ್ಪಾಗಿ ಎಳೆದಿಲ್ಲ. ಎಳೆದ ದಿನ ಅದು ಸರಿಯಾದ ಜಾಗದಲ್ಲೇ ಇತ್ತು. ಆಮೇಲೆ ಜರುಗಿದೆ. ಆಗಸ್ಟ್ ಕೊನೆಯಲ್ಲಿ ಚಾರ್ಟಿನಲ್ಲಿ 35 ವಾರ ಇತ್ತು, ಬೆಲೆ ಏರಿಸಿದ್ದು 31ನೇ ವಾರ. ನೀವು Insert > Shapes ಇಂದ ಗೆರೆ ತಂದು ಆ ಜಾಗಕ್ಕೆ ಇಟ್ಟಿರಿ. ಅಂದರೆ ಚಾರ್ಟಿನ ಅಗಲದಲ್ಲಿ ನೂರಕ್ಕೆ 89ರಷ್ಟು ದೂರಕ್ಕೆ. ನಂತರ ಹೊಸ ವಾರಗಳು ಸೇರುತ್ತಾ ಹೋದವು, ಈಗ 45 ವಾರ ಆಗಿದೆ. ಅದೇ ಅಗಲದಲ್ಲಿ 45 ವಾರ ಹಿಡಿಸಬೇಕಾದ್ದರಿಂದ ಕೆಳಗಿನ ತಾರೀಕುಗಳೆಲ್ಲ ಎಡಕ್ಕೆ ಒತ್ತಿಕೊಂಡವು. ಗೆರೆ ಮಾತ್ರ ಇದ್ದಲ್ಲೇ ಉಳಿಯಿತು. 45ರಲ್ಲಿ ನೂರಕ್ಕೆ 89 ಅಂದರೆ 40ನೇ ವಾರ, ಅದೇ ಅಕ್ಟೋಬರ್ ಶುರು. ಅದರ ಮುಂದಿನ ವಾರವೇ ಹಾಸನಾಂಬೆಯ ಬಾಗಿಲು ತೆರೆಯಿತು. ನಿಮ್ಮಣ್ಣ ನೋಡಿದ ಏರಿಕೆ ನಿಜ. ಅದರ ಮುಂಚೆ ನಿಂತಿರುವ ಗೆರೆ ಮಾತ್ರ ಆ ಜಾಗದ್ದಲ್ಲ.

ಕೈಯಲ್ಲಿ ಎಳೆದ ಗೆರೆಗೆ ತಾರೀಕು ಗೊತ್ತಿರುವುದಿಲ್ಲ, ಅದು ಚಾರ್ಟಿನ ಮೇಲೆ ಸುಮ್ನೆ ಕೂತಿರುವ ಚಿತ್ರ. ನನ್ನ ಹತ್ತಿರ ಬರುವ ಅಂಗಡಿ ಚಾರ್ಟ್‌ಗಳಲ್ಲಿ ನಾನು ಮೊದಲು ಹುಡುಕುವುದೇ ಈ ತಪ್ಪನ್ನು. ಮುದ್ರಿಸಿ ಗೋಡೆಗೆ ಹಾಕುವ, ಮತ್ತೆ ಬದಲಾಗದ ಚಾರ್ಟಿಗಾದರೆ ಕೈಗೆರೆ ಪರವಾಗಿಲ್ಲ. ವಾರವಾರ ಬೆಳೆಯುವ ಚಾರ್ಟಿಗೆ ಗುರುತು ಕೂಡ ಲೆಕ್ಕದ ಹಾಳೆಯಿಂದಲೇ ಬರಬೇಕು.

ಅದಕ್ಕೆ ಒಂದು ಬೇರೆ ಹಾಳೆ ಮಾಡಿ, `Events` ಅಂತ ಹೆಸರಿಡಿ. ಅದರಲ್ಲಿ ನಾಲ್ಕೇ ಕಾಲಂ ಸಾಕು. A ಕಾಲಂನಲ್ಲಿ ಏನಾಯಿತು, B ನಲ್ಲಿ ಶುರುವಾದ ದಿನ, C ನಲ್ಲಿ ಮುಗಿದ ದಿನ, D ನಲ್ಲಿ ಅದು ಯಾವ ಬಗೆಯದು. ನಿಮ್ಮ ಅಂಗಡಿಗೆ ಮೊದಲ ಸಾಲುಗಳು ಹೀಗಿರುತ್ತವೆ:

| ಏನು | ಶುರು | ಮುಗಿದದ್ದು | ಬಗೆ |
|---|---|---|---|
| ಹಾಸನಾಂಬ ದರ್ಶನ | 25-10-2024 | 02-11-2024 | ಹಬ್ಬ |
| ಬೆಲೆ 800→880 | 01-08-2025 | 01-08-2025 | ಬೆಲೆ |
| ಹಾಸನಾಂಬ ದರ್ಶನ | 10-10-2025 | 22-10-2025 | ಹಬ್ಬ |

ಬೆಲೆ ಬದಲಾವಣೆಗೆ ಶುರುವೂ ಮುಗಿಯುವುದೂ ಒಂದೇ ದಿನ. ಹಬ್ಬಕ್ಕೆ ಹಾಗಲ್ಲ, ಅದಕ್ಕೊಂದು ಅವಧಿ ಇದೆ. ನೀವು ಎರಡಕ್ಕೂ ಒಂದೇ ಥರ ಗೆರೆ ಎಳೆದಿದ್ದೀರಿ. ಗೆರೆ ನೋಡಿದವರಿಗೆ "ಇಲ್ಲಿಂದ ಮುಂದೆ ಎಲ್ಲ ಬದಲಾಯಿತು" ಅನ್ನಿಸುತ್ತದೆ. ಬೆಲೆಗೆ ಅದು ಸರಿ, 880 ಆದಮೇಲೆ ಅದು 880 ಆಗಿಯೇ ಉಳಿಯಿತು. ಹಬ್ಬ ಬಂದು ಹೋಗುತ್ತದೆ. ಅದಕ್ಕೆ ಚಾರ್ಟಿನ ಹಿಂದೆ ತಿಳಿಬಣ್ಣದ ಒಂದು ಪಟ್ಟಿ ಬೇಕು. ಪಟ್ಟಿ ಮುಗಿದ ಮೇಲೆ ವ್ಯಾಪಾರ ಹಳೆ ಮಟ್ಟಕ್ಕೆ ಬಂತಾ ಇಲ್ವಾ ಅನ್ನುವುದು ಆಗ ಕಣ್ಣಿಗೇ ಕಾಣುತ್ತದೆ.

ಹಾಸನಾಂಬೆಯ ತಾರೀಕಿನಲ್ಲಿ ನಾನು ಬಾಗಿಲು ತೆರೆದ ದಿನವನ್ನೂ ಮುಚ್ಚಿದ ದಿನವನ್ನೂ ಬಿಟ್ಟಿರುವುದನ್ನು ಗಮನಿಸಿರಬಹುದು. 2025ರಲ್ಲಿ ಬಾಗಿಲು ತೆರೆದದ್ದು ಅಕ್ಟೋಬರ್ 9, ಮುಚ್ಚಿದ್ದು 23. ಆದರೆ ಆ ಎರಡು ದಿನ ಸಾರ್ವಜನಿಕರಿಗೆ ದರ್ಶನ ಇರಲಿಲ್ಲ. ನಿಮ್ಮ ಅಂಗಡಿಗೆ ಗಿರಾಕಿ ತರುವುದು ಊರಾಚೆಯಿಂದ ಬರುವ ಜನ. ಅವರು ಬರುವ ದಿನಗಳೇ ನಿಮಗೆ ಹಬ್ಬದ ದಿನಗಳು. ಯಾವ ತಾರೀಕು ಬರೆಯಬೇಕು ಅನ್ನುವ ಅನುಮಾನ ಬಂದಾಗೆಲ್ಲ ಹೀಗೆ ಕೇಳಿಕೊಳ್ಳಿ: ಇದು ನನ್ನ ಗಲ್ಲಾಕ್ಕೆ ಮುಟ್ಟಿದ್ದು ಯಾವತ್ತು?

ಈಗ ವ್ಯಾಪಾರದ ಹಾಳೆಗೆ ಬನ್ನಿ. A ಕಾಲಂನಲ್ಲಿ ವಾರ ಶುರುವಾಗುವ ದಿನ ಇರಲಿ, B ನಲ್ಲಿ ಆ ವಾರ ಮಾರಿದ ಕೆಜಿ. C2 ಮನೆಯಲ್ಲಿ ಇದನ್ನು ಹಾಕಿ ಕೆಳಗಿನವರೆಗೆ ಎಳೆಯಿರಿ:

```
=IF(COUNTIFS(Events!$B$2:$B$50,"<="&$A2+6,Events!$C$2:$C$50,">="&$A2,Events!$D$2:$D$50,"ಹಬ್ಬ")>0,1,0)
```

ಆ ವಾರದೊಳಗೆ ಯಾವುದಾದರೂ ಹಬ್ಬದ ದಿನ ಬಿದ್ದಿದ್ದರೆ 1, ಇಲ್ಲದಿದ್ದರೆ 0 ಬರುತ್ತದೆ. D ಕಾಲಂನಲ್ಲಿ ಅದನ್ನೇ ಹಾಕಿ "ಹಬ್ಬ" ಇರುವಲ್ಲಿ "ಬೆಲೆ" ಮಾಡಿ. ಆಮೇಲೆ A ಯಿಂದ D ವರೆಗೆ ಆರಿಸಿ Combo ಚಾರ್ಟ್ ಮಾಡಿ. ಕೆಜಿಗೆ Line, ಉಳಿದೆರಡಕ್ಕೆ Clustered Column. ಆ ಎರಡಕ್ಕೂ Secondary Axis ಗುರುತು ಹಾಕಿ. ಕಂಬಗಳ ಮೇಲೆ ಕ್ಲಿಕ್ ಮಾಡಿ Series Overlap 100%, Gap Width 0% ಕೊಡಿ. ಬಲಗಡೆಯ ಅಳತೆಯಲ್ಲಿ Maximum 1 ಮಾಡಿ. ಹಬ್ಬದ ಕಂಬಗಳಿಗೆ ತಿಳಿಬಣ್ಣ, ಬೆಲೆಯ ಕಂಬಕ್ಕೆ ಗಾಢ ಬಣ್ಣ ಕೊಟ್ಟು Transparency 70% ಇಡಿ. ಇಲ್ಲದಿದ್ದರೆ ಅವು ಕೆಜಿ ಗೆರೆಯ ಮೇಲೆ ಬಂದು ಅದನ್ನೇ ಮುಚ್ಚುತ್ತವೆ.

ಇಲ್ಲಿ ಎರಡು ಕಡೆ ಕೈ ಕೊಡುತ್ತದೆ. ಬಲಗಡೆಯ 0–1 ಅಳತೆ ನೋಡಲು ಚೆನ್ನಾಗಿಲ್ಲ ಅಂತ ಅದನ್ನು ಅಳಿಸಬೇಡಿ. ಅಳಿಸಿದರೆ ಎಕ್ಸೆಲ್ ಕಂಬಗಳನ್ನು ಕೆಜಿ ಅಳತೆಗೆ ತಂದು ಹಾಕುತ್ತದೆ, 200 ಕೆಜಿಯ ಚಾರ್ಟಿನಲ್ಲಿ 1 ಎತ್ತರದ ಕಂಬ ಕಾಣುವುದೇ ಇಲ್ಲ. ಅದರ ಬದಲು Label Position ಅನ್ನು None ಮಾಡಿ. ಇನ್ನೊಂದು, ಪಟ್ಟಿ ಅಗಲವಾಗಿ ಬರುವ ಬದಲು ಕಡ್ಡಿಯ ಹಾಗೆ ಸಣ್ಣಗೆ ಬಂದರೆ, ಎಕ್ಸೆಲ್ ಕೆಳಗಿನ ಸಾಲನ್ನು ತಾರೀಕು ಅಂತ ತಿಳಿದು ಕಂಬಕ್ಕೆ ಒಂದೇ ದಿನದ ಅಗಲ ಕೊಟ್ಟಿದೆ ಅಂತ ಅರ್ಥ. Axis Type ನಲ್ಲಿ Text axis ಆರಿಸಿದರೆ ಪಟ್ಟಿ ತುಂಬಿಕೊಳ್ಳುತ್ತದೆ. ಹಾಗೆ ಮಾಡಿದ ಮೇಲೆ ಒಂದು ವಾರವನ್ನೂ ಬಿಡುವ ಹಾಗಿಲ್ಲ. ಅಂಗಡಿ ಮುಚ್ಚಿದ್ದ ವಾರಕ್ಕೂ ಒಂದು ಸಾಲು ಇರಲೇಬೇಕು.

ಬೆಲೆ ಬದಲಾವಣೆ ಇಲ್ಲಿ ಒಂದು ವಾರದಷ್ಟು ಅಗಲದ ಗಾಢ ಪಟ್ಟಿಯಾಗಿ ಬರುತ್ತದೆ, ತೆಳುವಾದ ಗೆರೆಯಾಗಿ ಅಲ್ಲ. ನನಗೆ ಅದೇ ಸರಿ ಅನ್ನಿಸುತ್ತದೆ. ವಾರದ ಲೆಕ್ಕದಲ್ಲಿ "ಈ ವಾರದೊಳಗೆ ಬದಲಾಯಿತು" ಅಂತ ಹೇಳಬಹುದೇ ಹೊರತು ದಿನ ತೋರಿಸಲು ಬರುವುದಿಲ್ಲ. ಅದರ ತಲೆಯ ಮೇಲೆ "800→880" ಅಂತ ಬರೆಯಿರಿ. ಸುಮ್ನೆ "ಬೆಲೆ ಏರಿಕೆ" ಅಂದರೆ ಎರಡು ವರ್ಷ ಆದಮೇಲೆ ಎಷ್ಟು ಏರಿತ್ತು ಅಂತ ನಿಮಗೇ ನೆನಪಿರುವುದಿಲ್ಲ. Data Labels ನಲ್ಲಿ Value From Cells ಅಂತ ಇದೆ. ಘಟನೆ ಶುರುವಾದ ವಾರಕ್ಕೆ ಮಾತ್ರ ಹೆಸರಿದ್ದು ಉಳಿದದ್ದು ಖಾಲಿ ಇರುವ ಒಂದು ಕಾಲಂ ಮಾಡಿ, ಅದನ್ನು ಅಲ್ಲಿ ಕೊಟ್ಟು, Value ಗುರುತು ತೆಗೆದುಬಿಡಿ.

ಇನ್ನು ವಾರ ಯಾವತ್ತಿಂದ ಶುರು ಮಾಡಬೇಕು? ನೀವು ಸೋಮವಾರದಿಂದ ಮಾಡಿದ್ದೀರಿ. ಹಾಸನದ ಅಂಗಡಿಗೆ ನಾನಾಗಿದ್ದರೆ ಗುರುವಾರದಿಂದ ಮಾಡುತ್ತೇನೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರವೇ ಹಾಸನಾಂಬೆಯ ಬಾಗಿಲು ತೆರೆಯುವುದು. 2023ರಲ್ಲಿ ನವೆಂಬರ್ 2, 2024ರಲ್ಲಿ ಅಕ್ಟೋಬರ್ 24, 2025ರಲ್ಲಿ ಅಕ್ಟೋಬರ್ 9. ಮೂರೂ ಗುರುವಾರ. ಗುರುವಾರದಿಂದ ಬುಧವಾರದವರೆಗೆ ವಾರ ಹಿಡಿದರೆ ಬಾಗಿಲು ತೆರೆಯುವ ದಿನ ಪ್ರತಿ ವರ್ಷವೂ ವಾರದ ಮೊದಲ ದಿನವೇ ಆಗುತ್ತದೆ. ಸೋಮವಾರದ ವಾರದಲ್ಲಾದರೆ ಅರ್ಧ ಮಾಮೂಲಿ, ಅರ್ಧ ದರ್ಶನ ಸೇರಿ ಕಲಸಿಹೋಗುತ್ತದೆ. ನಿಮ್ಮ ದಿನದ ಲೆಕ್ಕವನ್ನು ನಾನು ಗುರುವಾರದ ವಾರಗಳಾಗಿ ಕೂಡಿದ್ದೇನೆ, ಮುಂದಿನ ಅಂಕಿಗಳೆಲ್ಲ ಹಾಗೇ.

ತಿಂಗಳ ಚಾರ್ಟ್ ಅಂತೂ ಈ ಕೆಲಸಕ್ಕೆ ಬೇಡವೇ ಬೇಡ. ಮೇಲಿನ ತಾರೀಕುಗಳನ್ನೇ ನೋಡಿ. 2023ರ ಅಕ್ಟೋಬರಿನಲ್ಲಿ ದರ್ಶನದ ದಿನ ಒಂದೂ ಇಲ್ಲ. 2024ರ ಅಕ್ಟೋಬರಿನಲ್ಲಿ ಏಳು, ಉಳಿದೆರಡು ನವೆಂಬರಿಗೆ ಹೋದವು. 2025ರಲ್ಲಿ ಹದಿಮೂರಕ್ಕೆ ಹದಿಮೂರೂ ಅಕ್ಟೋಬರಿನಲ್ಲೇ. "ಅಕ್ಟೋಬರ್ ವ್ಯಾಪಾರ ವರ್ಷದಿಂದ ವರ್ಷಕ್ಕೆ ಏರುತ್ತಿದೆ" ಅಂತ ಸಂತೋಷಪಟ್ಟರೆ, ನಿಜವಾಗಿ ಆಗಿರುವುದು ಹುಣ್ಣಿಮೆ ಮುಂಚೆ ಬಂದದ್ದು ಅಷ್ಟೇ.

ಈಗ ನಿಮ್ಮಣ್ಣನ ಮಾತಿಗೆ ಬರೋಣ. ಬೆಲೆಯ ಗುರುತನ್ನು ಜುಲೈ 31ಕ್ಕೆ ಶುರುವಾಗುವ ವಾರದಲ್ಲಿ, ಅಂದರೆ ಅದರ ಸ್ವಂತ ಜಾಗದಲ್ಲಿ ಇಟ್ಟು ಸುತ್ತಮುತ್ತ ನೋಡಿ. ಜುಲೈ ಮೊದಲ ಮೂರು ವಾರ 118, 121, 118 ಕೆಜಿ. ಸರಾಸರಿ 119. ನಾಲ್ಕನೇ ವಾರ, ಜುಲೈ 24ರಿಂದ 30, ಇದ್ದಕ್ಕಿದ್ದಂತೆ 147. ಆಗಸ್ಟ್ 1ರಿಂದ ಬೆಲೆ ಹೆಚ್ಚು ಅಂತ ನೀವು ಬೋರ್ಡು ಹಾಕಿದ ವಾರ ಅದು. ಆಮೇಲೆ 94, 97, 104, 109. ಅಲ್ಲಿಂದ ಮುಂದೆ ಅಕ್ಟೋಬರ್ 8ರವರೆಗೆ 110ರ ಆಸುಪಾಸಿನಲ್ಲೇ ನಿಂತಿದೆ.

ಈ ಏರಿಳಿತ ಓದುವುದರಲ್ಲಿ ಎರಡೂ ಕಡೆ ಮೋಸ ಹೋಗಬಹುದು. ಬೋರ್ಡು ನೋಡಿದ ಖಾಯಂ ಗಿರಾಕಿಗಳು ಮುಂದಿನ ತಿಂಗಳ ಪುಡಿಯನ್ನೂ ಸೇರಿಸಿ ಒಯ್ದರು. ಹಾಗಾಗಿ ಆ ವಾರ ಸುಮಾರು 28 ಕೆಜಿ ಹೆಚ್ಚು ಹೋಯಿತು. ಅವರು ಮತ್ತೆ ಬಂದದ್ದು ಮನೆಯ ಡಬ್ಬಿ ಖಾಲಿಯಾದ ಮೇಲೆ, ಆದ್ದರಿಂದ ಮುಂದಿನ ನಾಲ್ಕು ವಾರ ವ್ಯಾಪಾರ ಇಳಿಯಿತು. ಜುಲೈ ಕೊನೆಯ 147ನ್ನೂ ಆಗಸ್ಟಿನ 94ನ್ನೂ ಪಕ್ಕಪಕ್ಕ ಇಟ್ಟು ನೋಡಿದವರು "ಬೆಲೆ ಏರಿಸಿ ಮೂರನೇ ಒಂದು ಭಾಗ ವ್ಯಾಪಾರ ಕಳೆದುಕೊಂಡೆವು" ಅಂತ ಹೆದರುತ್ತಾರೆ. ಅದೂ ಸುಳ್ಳು. ಬೋರ್ಡಿನ ವಾರವನ್ನೂ ನಂತರದ ನಾಲ್ಕು ವಾರವನ್ನೂ ಪಕ್ಕಕ್ಕಿಟ್ಟು, ಮುಂಚಿನ ಮಾಮೂಲಿ ವಾರಗಳನ್ನು ನಂತರದ ಮಾಮೂಲಿ ವಾರಗಳ ಜೊತೆ ಹೋಲಿಸಿ. 119 ಇದ್ದದ್ದು 110 ಆಗಿದೆ. ಅಂದರೆ ನೂರಕ್ಕೆ ಏಳೂವರೆಯಷ್ಟು ಕಡಿಮೆ.

ಅದಕ್ಕೇ `Events` ಹಾಳೆಯಲ್ಲಿ ಬೆಲೆ ಬದಲಾವಣೆಗೆ ಎರಡು ಸಾಲು ಇರಬೇಕು ಅನ್ನುತ್ತೇನೆ. ಜನಕ್ಕೆ ತಿಳಿದ ದಿನ ಒಂದು, ಜನ ಹೊಸ ಬೆಲೆ ಕೊಟ್ಟ ದಿನ ಇನ್ನೊಂದು. ಇದನ್ನು ನಾನು ಕಲಿತದ್ದು ಚಿಕ್ಕಮಗಳೂರಿನ ಒಂದು ಮಸಾಲೆ ಅಂಗಡಿಯ ಚಾರ್ಟಿನಿಂದ. ಅಲ್ಲಿ ನಾನು ಹೊಸ ಬೆಲೆ ಜಾರಿಗೆ ಬಂದ ದಿನ ಮಾತ್ರ ಗುರುತಿಸಿದ್ದೆ. ಅದರ ಹಿಂದಿನ ವಾರದ ಏರಿಕೆಗೆ ಏನೂ ಗುರುತಿಲ್ಲದೆ, ಅದನ್ನೇ ಮಾಮೂಲಿ ವ್ಯಾಪಾರ ಅಂದುಕೊಂಡು ಅವರು ಜಾಸ್ತಿ ಮಾಲು ತರಿಸಿಬಿಟ್ಟರು. ಆ ಮೆಣಸಿನ ಪುಡಿ ತಿಂಗಳುಗಟ್ಟಲೆ ಕೂತಿತ್ತು. ನನ್ನ ಒಂದು ಗುರುತು ಕಡಿಮೆಯಾದದ್ದಕ್ಕೆ ಅವರ ದುಡ್ಡು ಸಿಕ್ಕಿಹಾಕಿಕೊಂಡಿತು, ಅದು ನನಗೆ ಇವತ್ತಿಗೂ ನೆನಪಿದೆ.

119ರಿಂದ 110ಕ್ಕೆ ಇಳಿದದ್ದು ಬೆಲೆಯಿಂದಲೇ ಅಂತ ಹೇಗೆ ಹೇಳುವುದು? ಮಳೆಗಾಲ ಮುಗಿದು ಕಾಫಿ ಕುಡಿಯುವುದೇ ಕಡಿಮೆ ಆಯಿತೋ ಏನೋ, ಅಲ್ವಾ? ಅದಕ್ಕೆ ಹಿಂದಿನ ವರ್ಷ ನೋಡಬೇಕು. 2024ರ ಜುಲೈನಲ್ಲಿ ನಿಮ್ಮದು ವಾರಕ್ಕೆ 118 ಇತ್ತು, ಸೆಪ್ಟೆಂಬರಿನಲ್ಲಿ 117. ಆ ವರ್ಷ ಬೆಲೆ ಬದಲಾಗಿರಲಿಲ್ಲ, ವ್ಯಾಪಾರವೂ ಇಳಿದಿರಲಿಲ್ಲ. ಹಾಗಾಗಿ ಕಾಲದ ಕಾರಣ ಅಲ್ಲ. ಆದರೂ ಪೂರ್ತಿ ಬೆಲೆಯದ್ದೇ ಅನ್ನುವುದಕ್ಕೆ ಇನ್ನೊಂದು ಉತ್ತರ ನಿಮ್ಮಿಂದಲೇ ಬರಬೇಕು. ಆಗಸ್ಟ್ ಸುಮಾರಿಗೆ ನಿಮ್ಮ ರಸ್ತೆಯಲ್ಲಿ ಬೇರೆ ಪುಡಿ ಅಂಗಡಿ ಶುರುವಾಯಿತಾ? ರಸ್ತೆ ಅಗೆದಿದ್ದರಾ? ಹುರಿಯುವ ಮೆಷಿನ್ ಕೆಟ್ಟು ಪುಡಿ ಇಲ್ಲ ಅಂತ ಗಿರಾಕಿಗಳನ್ನು ವಾಪಸ್ ಕಳಿಸಿದ ದಿನಗಳಿದ್ದವಾ? ಮಾಲು ಇಲ್ಲದೆ ಮಾರಾಟ ಕಡಿಮೆಯಾದರೂ ಚಾರ್ಟಿನಲ್ಲಿ ಗಿರಾಕಿ ಕಡಿಮೆಯಾದ ಹಾಗೇ ಕಾಣುತ್ತದೆ. ಇವೆಲ್ಲ ಹಬ್ಬದಷ್ಟೇ ಮುಖ್ಯ ಘಟನೆಗಳು. ಆದರೆ ನೆನಪಿಟ್ಟುಕೊಂಡು ಬರೆಯುವವರು ಕಡಿಮೆ.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಘಟನೆಗಳನ್ನು ಚಾರ್ಟ್ ನೋಡಿಕೊಂಡು ಬರೆಯಬೇಡಿ. ಚಾರ್ಟಿನಲ್ಲಿ ಏರಿಕೆ ಕಂಡ ಕಡೆ "ಇಲ್ಲಿ ಏನಿತ್ತು?" ಅಂತ ಹುಡುಕಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಶ್ರಾವಣದಿಂದ ಕಾರ್ತಿಕದವರೆಗೆ ನಮ್ಮ ಕಡೆ ಹಬ್ಬವಿಲ್ಲದ ಹದಿನೈದು ದಿನ ಹುಡುಕುವುದೇ ಕಷ್ಟ. ಹಾಗೆ ಮಾಡಿದರೆ ಏರಿಕೆ ತಂದ ಹಬ್ಬಗಳಿಗೆ ಮಾತ್ರ ಗುರುತು ಬೀಳುತ್ತದೆ, ಏನೂ ಆಗದ ಹಬ್ಬಗಳು ಕಾಣದೇ ಹೋಗುತ್ತವೆ. ನಿಮ್ಮ ಲೆಕ್ಕದಲ್ಲೇ ಇದೆ ನೋಡಿ. 2025ರ ವರಮಹಾಲಕ್ಷ್ಮಿ ಆಗಸ್ಟ್ 8ಕ್ಕೆ ಇತ್ತು, ಆ ವಾರ 97 ಕೆಜಿ. ಗೌರಿ ಗಣೇಶ 26, 27ಕ್ಕೆ ಇತ್ತು, ಆ ವಾರ 109. ನಿಮ್ಮ ಪುಡಿಗೆ ಈ ಹಬ್ಬಗಳಿಂದ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಹೂವಿನವರಿಗೆ, ಬಟ್ಟೆಯವರಿಗೆ ಇರಬಹುದು. "ಹಬ್ಬ ಬಂದರೆ ವ್ಯಾಪಾರ ಏರುತ್ತದೆ" ಅನ್ನುವುದು ಎಲ್ಲ ಅಂಗಡಿಗೂ ಎಲ್ಲ ಹಬ್ಬಕ್ಕೂ ನಿಜವಲ್ಲ. ಅದು ತಿಳಿಯಬೇಕಾದರೆ ವರ್ಷದ ಶುರುವಿನಲ್ಲೇ ಪಂಚಾಂಗ ಇಟ್ಟುಕೊಂಡು ಹಬ್ಬಗಳನ್ನು ಹಾಳೆಗೆ ಬರೆದುಬಿಡಿ. ಉಳಿದ ಘಟನೆಗಳನ್ನು ಆದ ದಿನವೇ ಬರೆಯಿರಿ.

ಹಾಗಾದರೆ ಚಾರ್ಟ್ ಮತ್ತೆ ತುಂಬಿಹೋಗುವುದಿಲ್ಲವಾ ಅಂತ ಕೇಳಬಹುದು. ಹಾಳೆಯಲ್ಲಿ ಎಲ್ಲವೂ ಇರಲಿ, ಚಾರ್ಟಿಗೆ ಎಲ್ಲವೂ ಬರಬೇಕಾಗಿಲ್ಲ. ಯಾವ ಪ್ರಶ್ನೆಗೆ ಈ ಚಾರ್ಟ್ ಅನ್ನುವುದನ್ನು ಮೊದಲು ಬರೆದುಕೊಳ್ಳಿ. ಬೆಲೆಯ ಪ್ರಶ್ನೆಗೆ ಬೋರ್ಡು, ಬೆಲೆ, ದರ್ಶನ, ಈ ಮೂರು ಗುರುತು ಸಾಕು. ಉಳಿದ ಹಬ್ಬಗಳಿಗೆ D ಕಾಲಂನಲ್ಲಿ "ಹಬ್ಬ" ಬದಲು "ಸಣ್ಣಹಬ್ಬ" ಅಂತ ಬರೆದರೆ ಪಟ್ಟಿ ಬರುವುದಿಲ್ಲ, ದಾಖಲೆ ಉಳಿಯುತ್ತದೆ. ಆದರೆ ಒಂದು ಹಬ್ಬವನ್ನು ಒಂದು ವರ್ಷಕ್ಕೆ ಗುರುತಿಸಿದರೆ ಚಾರ್ಟಿನಲ್ಲಿರುವ ಎಲ್ಲ ವರ್ಷಕ್ಕೂ ಗುರುತಿಸಿ. ನಿಮ್ಮ ಹಳೆ ಚಾರ್ಟ್ 2025ರ ಜನವರಿಯಿಂದಷ್ಟೇ ಶುರುವಾಗುತ್ತದೆ, ಹಾಗಾಗಿ ಅದರಲ್ಲಿ 2025ರ ಹಾಸನಾಂಬೆ ಇದೆ, 2024ರದ್ದು ಇಲ್ಲ.

ಅದು ಇದ್ದಿದ್ದರೆ ನಿಮ್ಮಿಬ್ಬರ ವಾದ ಅಲ್ಲೇ ಮುಗಿಯುತ್ತಿತ್ತು. 2025ರ ಅಕ್ಟೋಬರ್ 9ರಿಂದ ಎರಡು ವಾರ ನೀವು ಮಾರಿದ್ದು 197 ಮತ್ತು 221 ಕೆಜಿ. ಒಟ್ಟು 418. ಮಾಮೂಲಿ ಎರಡು ವಾರಕ್ಕೆ 220 ಆಗುತ್ತಿತ್ತು, ಹಾಗಾಗಿ ದರ್ಶನದಿಂದ ಬಂದದ್ದು 198. 2024ರ ಅಕ್ಟೋಬರ್ 24ರಿಂದ ಎರಡು ವಾರ 179 ಮತ್ತು 193, ಒಟ್ಟು 372. ಆಗಿನ ಮಾಮೂಲಿ ಎರಡು ವಾರಕ್ಕೆ 234, ಹೆಚ್ಚಿನದ್ದು 138. ಎರಡೂ ವರ್ಷ ದೀಪಾವಳಿ ಎರಡನೇ ವಾರದಲ್ಲೇ ಬಿದ್ದಿದೆ, ಆದ್ದರಿಂದ ಹೋಲಿಕೆಗೆ ತೊಂದರೆ ಇಲ್ಲ.

198ಕ್ಕೂ 138ಕ್ಕೂ ತುಂಬಾ ಅಂತರ ಅನ್ನಿಸುತ್ತದೆ. ಈಗ ದರ್ಶನದ ದಿನಗಳಿಂದ ಭಾಗಿಸಿ. 2025ರಲ್ಲಿ 13 ದಿನ, ದಿನಕ್ಕೆ 15 ಕೆಜಿಗೆ ಸ್ವಲ್ಪ ಜಾಸ್ತಿ. 2024ರಲ್ಲಿ 9 ದಿನ, ಅಲ್ಲೂ 15ಕ್ಕೆ ಸ್ವಲ್ಪ ಜಾಸ್ತಿ. ಒಂದೇ. ಊರಿಗೆ ಬಂದ ಭಕ್ತರು 880 ಅಂತ ಯೋಚಿಸಿ ಕಡಿಮೆ ಕೊಂಡಿಲ್ಲ, ಬೆಲೆ ಏರಿದೆ ಅಂತ ಹೆಚ್ಚೂ ಕೊಂಡಿಲ್ಲ. ದರ್ಶನ ನಾಲ್ಕು ದಿನ ಹೆಚ್ಚಿತ್ತು, ವ್ಯಾಪಾರವೂ ನಾಲ್ಕು ದಿನದಷ್ಟು ಹೆಚ್ಚಾಯಿತು. ದರ್ಶನ ಮುಗಿದ ಮೇಲೆ 2025ರಲ್ಲಿ ಮತ್ತೆ 110ರ ಹತ್ತಿರವೇ ಬಂದಿದೆ. ಅಕ್ಟೋಬರಿನ ಏರಿಕೆಯ ಬಗ್ಗೆ ನೀವು ಹೇಳಿದ್ದು ಸರಿ.

ಈ ಭಾಗಾಕಾರದ ಮಿತಿಯನ್ನೂ ಹೇಳಬೇಕು. ಇದು ಎರಡೇ ವರ್ಷದ ಲೆಕ್ಕ. ವಾರಾಂತ್ಯಗಳು ಎಷ್ಟು ಸಿಕ್ಕವು, ಮಳೆ ಬಂತಾ ಅನ್ನುವುದರ ಮೇಲೂ ಬದಲಾಗುತ್ತದೆ. ಮುಂದಿನ ಸಲ ದಿನಕ್ಕೆ 13 ಬಂದರೂ 17 ಬಂದರೂ ನಾನು ಆಶ್ಚರ್ಯಪಡುವುದಿಲ್ಲ. ಮಾಲು ತರಿಸುವಾಗ 15 ಅನ್ನುವುದನ್ನು ಅಂದಾಜಾಗಿ ಇಟ್ಟುಕೊಳ್ಳಿ, ಖಾತರಿಯಾಗಿ ಅಲ್ಲ.

ಕೆಲವು ಸಲ ಎಷ್ಟೇ ಚೆನ್ನಾಗಿ ಗುರುತು ಮಾಡಿದರೂ ಉತ್ತರ ಸಿಗುವುದಿಲ್ಲ. ನಿಮ್ಮ ಅಂಗಡಿಯಲ್ಲಿ ಬಾಟಲಿಯ ಇನ್‌ಸ್ಟಂಟ್ ಕಾಫಿಯೂ ಇದೆ. ಅದರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ಕ್ಕೆ ನೂರಕ್ಕೆ 18ರಿಂದ 5ಕ್ಕೆ ಇಳಿಯಿತು. ನವರಾತ್ರಿ ಶುರುವಾದದ್ದೂ ಅದೇ 22ಕ್ಕೆ. ಆ ವಾರ ಬಾಟಲಿ ಜಾಸ್ತಿ ಹೋಗಿದ್ದರೆ ಬೆಲೆ ಇಳಿದದ್ದಕ್ಕಾ, ರಜೆಗೆ ನೆಂಟರು ಬಂದದ್ದಕ್ಕಾ? ಎರಡು ಗುರುತು ಒಂದೇ ಜಾಗದಲ್ಲಿ ಬಿದ್ದಾಗ ಚಾರ್ಟ್ ಬಿಡಿಸಿ ಹೇಳಲಾರದು. ಅಲ್ಲಿ ಒಂದನ್ನು ಮಾತ್ರ ಬರೆಯಬೇಡಿ, ಎರಡನ್ನೂ ಒಂದೇ ಹೆಸರಿನಲ್ಲಿ ಸೇರಿಸಿ ಬರೆಯಿರಿ. ಸ್ವಲ್ಪವಾದರೂ ಬಿಡಿಸಬೇಕು ಅಂದರೆ ಚಹಾ ಪುಡಿಯ ಮಾರಾಟವನ್ನು ಪಕ್ಕಕ್ಕೆ ಇಟ್ಟು ನೋಡಿ. ಅದರ ತೆರಿಗೆ ಮುಂಚೆಯೂ 5, ಆಮೇಲೂ 5. ಕೊಳ್ಳುವವರು ಅದೇ ಜನ, ನವರಾತ್ರಿ ಅದಕ್ಕೂ ಇತ್ತು. ಚಹಾ ಎಷ್ಟು ಏರಿತೋ ಅಷ್ಟು ಹಬ್ಬದ್ದು ಅಂದುಕೊಂಡರೆ, ಅದಕ್ಕಿಂತ ಬಾಟಲಿ ಎಷ್ಟು ಹೆಚ್ಚು ಏರಿತೋ ಅದು ಬೆಲೆಯದ್ದು ಇರಬಹುದು. ಇಲ್ಲೂ ತಾರೀಕಿನ ಬಗ್ಗೆ ಹುಷಾರು. ಹಳೆ ಬೆಲೆಗೆ ತಂದಿಟ್ಟ ಬಾಟಲಿಗಳನ್ನು ನೀವು ಯಾವತ್ತಿಂದ ಇಳಿಸಿದ ಬೆಲೆಗೆ ಬಿಲ್ ಮಾಡಿದಿರೋ ಆ ದಿನ ಬರೆಯಬೇಕು, ಪೇಪರಿನಲ್ಲಿ ಬಂದ ದಿನ ಅಲ್ಲ.

ಕೊನೆಯದಾಗಿ, ಇನ್ನೊಮ್ಮೆ ಬೆಲೆ ಏರಿಸುವ ಮಾತು. ನಾನು ಇಲ್ಲಿಯವರೆಗೆ ಕೆಜಿಯಲ್ಲೇ ಮಾತಾಡಿದ್ದೇನೆ, ಬೇಕೆಂದೇ. ಬೆಲೆ ಬದಲಾದ ಗುರುತು ಇರುವ ಚಾರ್ಟನ್ನು ರೂಪಾಯಿಯಲ್ಲಿ ಮಾಡಿದರೆ ಗೆರೆ ಏರಿದ್ದು ಬೆಲೆಯಿಂದಲೋ ಗಿರಾಕಿಯಿಂದಲೋ ತಿಳಿಯುವುದಿಲ್ಲ. ನಿಮ್ಮ ಲೆಕ್ಕ ರೂಪಾಯಿಯಲ್ಲಿ ಹೀಗಿದೆ: ಮುಂಚೆ ವಾರಕ್ಕೆ 119 ಕೆಜಿ, 800ರಂತೆ 95,200. ಈಗ 110 ಕೆಜಿ, 880ರಂತೆ 96,800. ಬೆಲೆ ನೂರಕ್ಕೆ ಹತ್ತು ಏರಿಸಿದ್ದಕ್ಕೆ ಗಲ್ಲಾಕ್ಕೆ ಬಂದ ಹೆಚ್ಚಿನ ಹಣ ವಾರಕ್ಕೆ 1,600 ರೂಪಾಯಿ. ಒಂಬತ್ತು ಕೆಜಿ ಬೀಜ ಕಡಿಮೆ ಹುರಿದದ್ದರಿಂದ ಉಳಿದ ಖರ್ಚು ಬೇರೆ. ಆದ್ದರಿಂದ "ನಷ್ಟ ಆಗಿಲ್ಲ" ಅನ್ನುವ ಮಟ್ಟಿಗೆ ನಿಮ್ಮಣ್ಣನ ಮಾತನ್ನು ತೆಗೆದುಹಾಕಲು ಬರುವುದಿಲ್ಲ. ಆದರೆ "ಗಿರಾಕಿ ಕಡಿಮೆಯಾಗಿಲ್ಲ" ಅನ್ನುವುದು ಸರಿಯಲ್ಲ. ಕಡಿಮೆಯಾಗಿದ್ದಾರೆ, ಅದೂ ವರ್ಷಪೂರ್ತಿ ಬರುವವರು. ದರ್ಶನದ ಎರಡು ವಾರ ಅದನ್ನು ಮುಚ್ಚಿತ್ತು.

880ರಿಂದ ಮತ್ತೆ ಏರಿಸಿದರೆ ಇದೇ ಲೆಕ್ಕದಲ್ಲಿ ಇಳಿಯುತ್ತದೆ ಅಂತ ಒಂದೇ ಸಲದ ಅನುಭವದಿಂದ ಹೇಳಲಾಗದು, ಜಾಸ್ತಿಯೂ ಇಳಿಯಬಹುದು. ಏರಿಸಲೇಬೇಕು ಅಂದರೆ ದರ್ಶನದ ಹತ್ತಿರ ಬೇಡ, ನವರಾತ್ರಿಯ ಹತ್ತಿರವೂ ಬೇಡ. ಹಿಂದೆ ಮುಂದೆ ಐದಾರು ವಾರ ಬೇರೇನೂ ಇಲ್ಲದ ಕಡೆ ಏರಿಸಿ, ಆಗ ಆ ಗುರುತು ಒಂಟಿಯಾಗಿ ನಿಲ್ಲುತ್ತದೆ, ಪರಿಣಾಮ ಓದಲು ಬರುತ್ತದೆ. ಅದಕ್ಕೂ ಮೊದಲು ನಿಮ್ಮ ಹಾಳೆಯಲ್ಲಿ ಇಲ್ಲದ ಒಂದು ಕಾಲಂ ಸೇರಿಸಿ: ಆ ವಾರ ಹುರಿದ ಬೀಜವನ್ನು ನೀವು ಕೆಜಿಗೆ ಎಷ್ಟು ಕೊಟ್ಟು ಕೊಂಡಿದ್ದಿರಿ ಅನ್ನುವುದು. 1,600 ರೂಪಾಯಿಯಲ್ಲಿ ನಿಮಗೆ ಉಳಿದದ್ದೆಷ್ಟು, ಬೀಜದವರಿಗೆ ಹೋದದ್ದೆಷ್ಟು ಅನ್ನುವುದು ಆ ಕಾಲಂ ತುಂಬಿದ ಮೇಲೆ ಗೊತ್ತಾಗುತ್ತದೆ. ಹಳೆ ಖರೀದಿ ಬಿಲ್ಲುಗಳು ಇದ್ದರೆ ಜುಲೈನಿಂದ ತುಂಬಿಸಿ ಕಳಿಸಿ, ನೋಡುತ್ತೇನೆ.